ಡ್ರಾಪ್ ಶಾಟ್: ಚೆಂಡಿಗಿಂತ ಮೊದಲು ಎದುರಾಳಿಯ ಕಾಲುಗಳನ್ನು ನೋಡಬೇಕಾದ ಹೊಡೆತ

ಟೆನಿಸ್‌ನಲ್ಲಿ ಡ್ರಾಪ್ ಶಾಟ್ ಎಂದರೆ ಚೆಂಡನ್ನು ನೆಟ್‌ನ ಆಚೆ ಬದಿಗೆ, ನೆಟ್‌ಗೆ ತೀರಾ ಸಮೀಪದಲ್ಲಿ ಬೀಳುವಂತೆ ಮೆತ್ತಗೆ ಇಳಿಸುವ ಹೊಡೆತ. ಕೈಯ ನಾಜೂಕು ಇದ್ದವರಿಗೆ ಮಾತ್ರ ಒಲಿಯುವ ವಿದ್ಯೆ ಇದು ಎಂದು ನೋಡುವವರು ಸಾಮಾನ್ಯವಾಗಿ ಭಾವಿಸುತ್ತಾರೆ. ಕೈಯ ನಾಜೂಕು ಬೇಕು ನಿಜ. ಆದರೆ ಸೋತ ಡ್ರಾಪ್ ಶಾಟ್‌ಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ನೋಡಿದರೆ, ಅವುಗಳಲ್ಲಿ ಬಹಳಷ್ಟು ಕೈಯ ತಪ್ಪಿನಿಂದ ಸೋತವಲ್ಲ, ಹೊಡೆಯಲೇಬಾರದಾಗಿದ್ದ ಗಳಿಗೆಯಲ್ಲಿ ಹೊಡೆದದ್ದರಿಂದ ಸೋತವು ಎಂಬುದು ಕಾಣುತ್ತದೆ. ಎದುರಾಳಿ ಎಲ್ಲಿ ನಿಂತಿದ್ದಾನೆ, ಅವನ ದೇಹದ ಭಾರ ಯಾವ ಕಡೆಗೆ ವಾಲಿದೆ, ನಾನು ಎಲ್ಲಿಂದ ಹೊಡೆಯುತ್ತಿದ್ದೇನೆ ಎಂಬ ಮೂರು ಸಂಗತಿಗಳು ಚೆಂಡು ರಾಕೆಟ್‌ಗೆ ತಾಗುವ ಮೊದಲೇ ಫಲಿತಾಂಶವನ್ನು ಬಹುಪಾಲು ನಿರ್ಧರಿಸಿರುತ್ತವೆ. ಇದು ಯಾಕೆ ಹೀಗೆ ಎನ್ನುವುದನ್ನು ಸಣ್ಣದೊಂದು ಲೆಕ್ಕದ ಮೂಲಕ ನೋಡುವುದೇ ಸುಲಭ.

ಮೊದಲು ಅಂಗಳದ ಅಳತೆಗಳು. ಅಂಗಳದ ಹಿಂಬದಿಯ ಅಂಚಿನ ಗೆರೆಯಾದ ಬೇಸ್‌ಲೈನ್‌ನಿಂದ ನೆಟ್‌ಗೆ ಸುಮಾರು 11.9 ಮೀಟರ್ ದೂರವಿದೆ. ನೆಟ್‌ನಿಂದ ಸರ್ವಿಸ್ ಲೈನ್‌ಗೆ 6.4 ಮೀಟರ್. ನೆಟ್‌ನ ಎತ್ತರ ನಡುವಿನಲ್ಲಿ 91 ಸೆಂಟಿಮೀಟರ್, ಕಂಬಗಳ ಬಳಿ 107 ಸೆಂಟಿಮೀಟರ್. ಈಗ ನಾನು ಬೇಸ್‌ಲೈನ್‌ನಿಂದ ಎರಡು ಮೀಟರ್ ಒಳಗೆ ನಿಂತು, ಸೊಂಟದ ಎತ್ತರದ ಚೆಂಡನ್ನು ನೆಟ್‌ನ ಮೇಲೆ ಸುಮಾರು 45 ಸೆಂಟಿಮೀಟರ್ ಅಂತರದಲ್ಲಿ ದಾಟಿಸಿ, ನೆಟ್‌ನ ಆಚೆ 1.8 ಮೀಟರ್ ದೂರದಲ್ಲಿ ಬೀಳಿಸುತ್ತೇನೆ ಎಂದಿಟ್ಟುಕೊಳ್ಳಿ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಇಂಥ ಚೆಂಡು ಮೊದಲ ಬಾರಿ ನೆಲಕ್ಕೆ ತಾಗಲು ಸುಮಾರು 1.4 ಸೆಕೆಂಡು ಹಿಡಿಯುತ್ತದೆ, ಮತ್ತು ದಾರಿಯಲ್ಲಿ ಅದು 2.8 ಮೀಟರ್ ಎತ್ತರದವರೆಗೆ ಏರಿ ಇಳಿಯುತ್ತದೆ. ಆಟದ ನಿಯಮದ ಪ್ರಕಾರ 254 ಸೆಂಟಿಮೀಟರ್ ಎತ್ತರದಿಂದ ಬಿಟ್ಟ ಚೆಂಡು ಗಟ್ಟಿ ನೆಲದ ಮೇಲೆ 135ರಿಂದ 147 ಸೆಂಟಿಮೀಟರ್‌ನಷ್ಟು ಪುಟಿಯಬೇಕು, ಅಂದರೆ ಬಿದ್ದ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು. ಹಾಗಾಗಿ ನನ್ನ ಚೆಂಡು ಗಟ್ಟಿ ಅಂಗಳದಲ್ಲಿ ಒಂದೂವರೆ ಮೀಟರ್‌ನಷ್ಟು ಮೇಲೆದ್ದು, ಎರಡನೆಯ ಬಾರಿ ನೆಲಕ್ಕೆ ತಾಗುವ ಹೊತ್ತಿಗೆ ಹೊಡೆತದ ಕ್ಷಣದಿಂದ ಒಟ್ಟು ಎರಡೂವರೆ ಸೆಕೆಂಡು ಕಳೆದಿರುತ್ತದೆ. ಚೆಂಡು ಹಿಮ್ಮುಖವಾಗಿ ಸುತ್ತುವ ಒಳ್ಳೆಯ ಬ್ಯಾಕ್‌ಸ್ಪಿನ್ ಇದ್ದರೆ ಆ ಎರಡನೆಯ ಪುಟಿತ ನೆಟ್‌ನಿಂದ ಐದು ಮೀಟರ್‌ನ ಆಸುಪಾಸಿನಲ್ಲಿ, ಅಂದರೆ ಸರ್ವಿಸ್ ಲೈನ್‌ಗೆ ಮೊದಲೇ ಬೀಳುತ್ತದೆ. ಹುಲ್ಲಿನ ಅಂಗಳದಲ್ಲಿ ಚೆಂಡು ಇಷ್ಟು ಎತ್ತರಕ್ಕೆ ಏಳುವುದಿಲ್ಲವಾದ್ದರಿಂದ ಅಲ್ಲಿ ಈ ಅವಧಿ ಇನ್ನೂ ಕಡಿಮೆ.

ಎರಡೂವರೆ ಸೆಕೆಂಡು ಎಂಬುದು ಓಡುವವನಿಗೆ ಸಣ್ಣ ಅವಧಿಯೇನಲ್ಲ. ಚುರುಕಾದ ಆಟಗಾರ ನಿಂತಲ್ಲಿಂದ ಹೊರಟು ಏಳು ಮೀಟರ್ ಓಡಲು ಒಂದೂವರೆ ಸೆಕೆಂಡು ಸಾಕು. ಚೆಂಡನ್ನು ಗುರುತಿಸಿ ಕಾಲು ಕೀಳಲು 0.3 ಸೆಕೆಂಡು ಸೇರಿಸಿ. ಕೈ ಮತ್ತು ರಾಕೆಟ್ ಚಾಚಿದಾಗ ಇನ್ನೊಂದೂವರೆ ಮೀಟರ್ ಓಡುವುದು ತಪ್ಪುತ್ತದೆ. ಈ ಲೆಕ್ಕದಂತೆ, ಎದುರಾಳಿ ಬೇಸ್‌ಲೈನ್ ಮೇಲೆಯೇ ಸಮತೋಲದಲ್ಲಿ ನಿಂತಿದ್ದರೆ ನನ್ನ ಚೆಂಡು ಪುಟಿದು ತನ್ನ ತುತ್ತತುದಿಯನ್ನು ಮುಟ್ಟುವ ಹೊತ್ತಿಗೆ ಅವನು ಅಲ್ಲಿಗೆ ಬಂದಿರುತ್ತಾನೆ. ಎದೆಯೆತ್ತರದ ನಿಧಾನದ ಚೆಂಡು, ನೆಟ್‌ನಿಂದ ಮೂರೂವರೆ ಮೀಟರ್ ದೂರದಲ್ಲಿ, ಎದುರಿಗೆ ತೆರೆದ ಅಂಗಳ: ಇದಕ್ಕಿಂತ ದೊಡ್ಡ ಕೊಡುಗೆಯನ್ನು ಎದುರಾಳಿಗೆ ಕೊಡಲಾಗದು. ಅಂದರೆ ಚೊಕ್ಕವಾಗಿ ಹೊಡೆದ ಡ್ರಾಪ್ ಶಾಟ್ ಕೂಡ ಬೇಸ್‌ಲೈನ್ ಮೇಲೆ ಸಿದ್ಧನಾಗಿ ನಿಂತವನ ಮುಂದೆ ಸೋಲುವ ಹೊಡೆತವೇ.

ಅವನು ಬೇಸ್‌ಲೈನ್‌ನಿಂದ ಎರಡೂವರೆ ಮೀಟರ್ ಹಿಂದೆ ಇದ್ದರೆ ಏನಾಗುತ್ತದೆ? ಈಗ ಅವನು ಚೆಂಡನ್ನು ಮುಟ್ಟುವುದು 2.1ರಿಂದ 2.2 ಸೆಕೆಂಡುಗಳ ಹೊತ್ತಿಗೆ, ಚೆಂಡು ಇಳಿಯಲು ಆರಂಭಿಸಿದ ಮೇಲೆ. ಆದರೂ ಗಟ್ಟಿ ಅಂಗಳದಲ್ಲಿ ಅದು ಇನ್ನೂ ನೆಟ್‌ನ ಎತ್ತರಕ್ಕಿಂತ ಮೇಲೆಯೇ ಇರುತ್ತದೆ. ಹಾಗಾದರೆ ದೂರವೊಂದೇ ಸಾಲದು. ಆದರೆ ಅದೇ ಎದುರಾಳಿ ಯಾವುದೋ ಕಾರಣಕ್ಕೆ ಇನ್ನು 0.3 ಸೆಕೆಂಡು ತಡವಾಗಿ ಹೊರಟನೆಂದರೆ, ಚೆಂಡು ಅವನಿಗೆ ಸಿಗುವುದು ಮೊಣಕಾಲಿಗಿಂತ ತುಸು ಮೇಲೆ, ನೆಟ್‌ಗಿಂತ ಕೆಳಗೆ. ಅರ್ಧ ಸೆಕೆಂಡು ತಡವಾದರೆ ಚೆಂಡು ಸಿಗುವುದೇ ಅನುಮಾನ. ಡ್ರಾಪ್ ಶಾಟ್‌ನ ಸಂಪೂರ್ಣ ಕಲೆ ಈ ಅರ್ಧ ಸೆಕೆಂಡಿನೊಳಗೆ ಅಡಗಿದೆ. ಎದುರಾಳಿಯ ನಿಲುವು ದೂರವನ್ನು ಕೊಡುತ್ತದೆ. ಉಳಿದ ಅರ್ಧ ಸೆಕೆಂಡನ್ನು ಅವನ ದೇಹದ ಭಾರದಿಂದ ಮತ್ತು ನನ್ನ ಮರೆಮಾಚುವಿಕೆಯಿಂದ ಗಳಿಸಬೇಕು.

ದೇಹದ ಭಾರದ ಮಾತನ್ನು ಸ್ವಲ್ಪ ವಿವರವಾಗಿ ನೋಡೋಣ. ನಾನು ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎದುರಾಳಿ ಎರಡೂ ಕಾಲುಗಳಿಂದ ಒಂದು ಸಣ್ಣ ಜಿಗಿತ ಹಾಕಿ ಇಳಿಯುತ್ತಾನೆ. ಯಾವ ಕಡೆಗೆ ಬೇಕಾದರೂ ಚಿಮ್ಮಲು ಇದು ಸಿದ್ಧತೆ. ಆದರೆ ಬಲವಾದ ಹೊಡೆತ ಬರುತ್ತದೆಂದು ಅವನಿಗೆ ಖಾತ್ರಿಯಾಗಿದ್ದರೆ ಆ ಜಿಗಿತ ನೆಟ್ಟಗೆ ಇಳಿಯುವುದಿಲ್ಲ, ಹಿಮ್ಮಡಿಯ ಕಡೆಗೆ ವಾಲಿ ಇಳಿಯುತ್ತದೆ. ಹಿಂದಕ್ಕೆ ಸರಿಯುತ್ತಿರುವ ದೇಹವನ್ನು ಮೊದಲು ನಿಲ್ಲಿಸಿ, ಆಮೇಲೆ ಮುಂದಕ್ಕೆ ತಳ್ಳಬೇಕಾಗುತ್ತದೆ. ನಿಂತಿರುವವನಿಗೆ ಇಲ್ಲದ ಈ ಒಂದು ಹೆಚ್ಚಿನ ಕೆಲಸವೇ ನಮಗೆ ಬೇಕಾದ 0.3 ಸೆಕೆಂಡನ್ನು ತಂದುಕೊಡುತ್ತದೆ. ಆದ್ದರಿಂದ ಎದುರಾಳಿ ಎಷ್ಟು ಹಿಂದೆ ನಿಂತಿದ್ದಾನೆ ಎಂಬ ಪ್ರಶ್ನೆಯ ಜೊತೆಗೆ, ಅವನು ಹಿಂದಕ್ಕೆ ಹೋಗುತ್ತಿದ್ದಾನೆಯೇ ಎಂಬ ಪ್ರಶ್ನೆಯನ್ನೂ ಕೇಳಬೇಕು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ. ಮೂರು ಮೀಟರ್ ಹಿಂದಿದ್ದರೂ ಮುಂದಕ್ಕೆ ಹೆಜ್ಜೆ ಹಾಕುತ್ತಿರುವವನ ಮೇಲೆ ಡ್ರಾಪ್ ಶಾಟ್ ಹೊಡೆಯುವುದಕ್ಕಿಂತ, ಒಂದೂವರೆ ಮೀಟರ್ ಹಿಂದೆ ಇದ್ದು ಹಿಮ್ಮಡಿಯ ಮೇಲೆ ಕುಸಿಯುತ್ತಿರುವವನ ಮೇಲೆ ಹೊಡೆಯುವುದು ಉತ್ತಮ.

ಹೊಡೆಯುವವನು ಎಲ್ಲಿ ನಿಂತಿರಬೇಕು ಎಂಬುದೂ ಇದೇ ಲೆಕ್ಕದಿಂದ ಹೊರಡುತ್ತದೆ. ಬೇಸ್‌ಲೈನ್‌ನಿಂದ ಎರಡು ಮೀಟರ್ ಹಿಂದೆ ನಿಂತು ಅದೇ ಜಾಗಕ್ಕೆ ಚೆಂಡನ್ನು ಇಳಿಸಲು ಹೊರಟರೆ, ಅದು ಮೂರೂವರೆ ಮೀಟರ್‌ಗೂ ಮೇಲೆ ಏರಬೇಕು. ಬಿದ್ದ ಮೇಲೆ ಹೆಚ್ಚು ಪುಟಿಯುತ್ತದೆ. ಎರಡನೆಯ ಪುಟಿತದ ಹೊತ್ತಿಗೆ ಒಟ್ಟು 2.8 ಸೆಕೆಂಡು ದಾಟಿರುತ್ತದೆ. ಎದುರಾಳಿಯಿಂದ ಕಷ್ಟಪಟ್ಟು ಕಿತ್ತುಕೊಂಡ 0.3 ಸೆಕೆಂಡನ್ನು ನಾವೇ ಅವನಿಗೆ ವಾಪಸ್ ಕೊಟ್ಟಂತಾಯಿತು. ಬೇಸ್‌ಲೈನ್‌ನ ಹಿಂದಿನಿಂದ ಡ್ರಾಪ್ ಶಾಟ್ ಹೊಡೆಯಬಾರದು ಎಂದು ತರಬೇತುದಾರರು ಗದರುವುದರ ಹಿಂದೆ ಇರುವುದು ಈ ಸಮಯದ ಲೆಕ್ಕವೇ. ಬಂದ ಚೆಂಡಿನ ವೇಗವೂ ಇದರಲ್ಲಿ ಸೇರುತ್ತದೆ: ವೇಗವಾಗಿ, ಆಳವಾಗಿ ಬಂದ ಚೆಂಡಿನ ಬಲವನ್ನೆಲ್ಲ ರಾಕೆಟ್‌ನಲ್ಲಿ ಹೀರಿಕೊಂಡು ಮೆತ್ತಗೆ ಇಳಿಸುವುದು ಪಳಗಿದವರಿಗೂ ಜೂಜು. ಗಿಡ್ಡವಾಗಿ ಬಿದ್ದು, ನಿಧಾನವಾಗಿ ಎದ್ದು, ಸೊಂಟದಿಂದ ಎದೆಯ ನಡುವೆ ಸಿಗುವ ಚೆಂಡೇ ಇದಕ್ಕೆ ತಕ್ಕದ್ದು.

ಇಲ್ಲೊಂದು ಸೊಗಸಾದ ಹೊಂದಿಕೆಯಿದೆ. ಅಂಥ ಚೆಂಡು ಬಲವಾದ ಫೋರ್‌ಹ್ಯಾಂಡ್ ಹೊಡೆತಕ್ಕೂ ಅತ್ಯಂತ ತಕ್ಕ ಚೆಂಡಾಗಿರುತ್ತದೆ. ಎದುರಾಳಿಗೂ ಅದು ಗೊತ್ತು. ತನ್ನ ಚೆಂಡು ಗಿಡ್ಡವಾಗಿ ಬಿದ್ದದ್ದನ್ನು ನೋಡಿದೊಡನೆ ಅವನು ತಾನಾಗಿಯೇ ಹಿಂದಕ್ಕೆ ಸರಿಯುತ್ತಾನೆ. ಮರೆಮಾಚುವಿಕೆಯ ಅರ್ಧ ಕೆಲಸವನ್ನು ಅವನ ಭಯವೇ ಮಾಡಿಕೊಟ್ಟಿರುತ್ತದೆ. ಕಾರ್ಲೋಸ್ ಅಲ್ಕರಾಜ್‌ನ ಡ್ರಾಪ್ ಶಾಟ್ ಅಷ್ಟು ಮಾರಕವಾಗಿರುವುದರ ಗುಟ್ಟನ್ನು ಅವನ ಕೈಯಲ್ಲಿ ಹುಡುಕುವುದಕ್ಕಿಂತ ಅವನ ಫೋರ್‌ಹ್ಯಾಂಡ್‌ನಲ್ಲಿ ಹುಡುಕಬೇಕು. ಆ ಫೋರ್‌ಹ್ಯಾಂಡ್ ಎದುರಾಳಿಯನ್ನು ಹಿಂದಕ್ಕೆ ನೂಕದಿದ್ದರೆ ಡ್ರಾಪ್ ಶಾಟ್‌ಗೆ ಜಾಗವೇ ಹುಟ್ಟುತ್ತಿರಲಿಲ್ಲ. ಬೇಸ್‌ಲೈನ್‌ನಿಂದ ಬಹಳ ಹಿಂದೆ ನಿಂತು ಆಡುವ ಡ್ಯಾನಿಲ್ ಮೆಡ್ವೆಡೆವ್‌ನನ್ನು ಅವನು 2023ರಲ್ಲಿ ಇಂಡಿಯನ್ ವೆಲ್ಸ್ ಫೈನಲ್‌ನಲ್ಲಿ 6-3, 6-2ರಿಂದಲೂ ಅದೇ ವರ್ಷದ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ 6-3, 6-3, 6-3ರಿಂದಲೂ ಸೋಲಿಸಿದಾಗ, ಹಿಂದೆ ನಿಲ್ಲುವವನ ಮುಂದೆ ಬಿದ್ದಿರುವ ಖಾಲಿ ಜಾಗವನ್ನು ಬಳಸಿಕೊಳ್ಳುವ ಬಗೆ ಸ್ಪಷ್ಟವಾಗಿ ಕಂಡಿತ್ತು. ಆದರೆ ಅದೇ ವರ್ಷದ ಯುಎಸ್ ಓಪನ್ ಸೆಮಿಫೈನಲ್‌ನಲ್ಲಿ ಮೆಡ್ವೆಡೆವ್ ನಾಲ್ಕು ಸೆಟ್‌ಗಳಲ್ಲಿ ಗೆದ್ದ. ಹಿಂದೆ ನಿಲ್ಲುವುದು ತಾನಾಗಿಯೇ ಸೋಲಲ್ಲ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ಮರೆಮಾಚುವಿಕೆ. ಫೋರ್‌ಹ್ಯಾಂಡ್‌ನಲ್ಲಿ ಇದರ ಮುಖ್ಯ ತೊಡಕು ಹಿಡಿತದ್ದು. ಇಂದಿನ ಆಟಗಾರರಲ್ಲಿ ಹೆಚ್ಚಿನವರು ಚೆಂಡನ್ನು ಮುಮ್ಮುಖವಾಗಿ ಸುತ್ತಿಸುವ ಟಾಪ್‌ಸ್ಪಿನ್ ಹೊಡೆತಕ್ಕಾಗಿ ಅಂಗೈ ಹಿಡಿಕೆಯ ಕೆಳಭಾಗದ ಕಡೆಗೆ ಸರಿದಿರುವ ಸೆಮಿ ವೆಸ್ಟರ್ನ್ ಹಿಡಿತವನ್ನು ಬಳಸುತ್ತಾರೆ. ಡ್ರಾಪ್ ಶಾಟ್‌ಗೆ ಬೇಕಾದದ್ದು ಸುತ್ತಿಗೆ ಹಿಡಿದಂತಿರುವ ಕಾಂಟಿನೆಂಟಲ್ ಹಿಡಿತ. ಈ ಬದಲಾವಣೆ ಎದುರಾಳಿಯ ಕಣ್ಣಿಗೆ ಬೀಳಬಾರದು. ಪಳಗಿದವರು ಎಂದಿನಂತೆ ಭುಜವನ್ನು ಪೂರ್ತಿ ತಿರುಗಿಸಿ, ಇನ್ನೊಂದು ಕೈಯನ್ನು ರಾಕೆಟ್‌ನ ಕುತ್ತಿಗೆಯ ಮೇಲೆ ಇರಿಸಿಕೊಂಡು, ರಾಕೆಟ್‌ನ ತಲೆಯನ್ನು ಬಲವಾದ ಹೊಡೆತಕ್ಕೆ ಎತ್ತುವಷ್ಟೇ ಎತ್ತರಕ್ಕೆ ಎತ್ತುತ್ತಾರೆ. ಆ ಇನ್ನೊಂದು ಕೈ ರಾಕೆಟ್‌ನ ಭಾರವನ್ನು ಹೊತ್ತಿರುವಾಗಲೇ ಹೊಡೆಯುವ ಕೈಯ ಬೆರಳುಗಳು ಸಡಿಲಗೊಂಡು ಹಿಡಿಕೆಯ ಸುತ್ತ ಜಾರಿಕೊಳ್ಳುತ್ತವೆ. ರಾಕೆಟ್ ಮುಂದಕ್ಕೆ ಬರಲು ಆರಂಭಿಸಿದ ಮೇಲೆಯೇ ಅದರ ಮುಖ ತೆರೆದುಕೊಂಡು, ಚೆಂಡಿನ ಹಿಂಬದಿಯಿಂದ ಅಡಿಗೆ ಜಾರಿದಂತೆ ಮೇಲಿನಿಂದ ಕೆಳಗೆ ಹಾಗೂ ಮುಂದಕ್ಕೆ ಸಾಗುತ್ತದೆ. ಹಿಡಿತ ಬಿಗಿಯಾಗಿದ್ದರೆ ಚೆಂಡು ಚಿಮ್ಮುತ್ತದೆ. ಮಣಿಕಟ್ಟು ಮೆತ್ತಗಿದ್ದರೆ ಬಂದ ವೇಗ ರಾಕೆಟ್‌ನಲ್ಲೇ ಕರಗುತ್ತದೆ. ಅನೇಕರು ಚೆಂಡನ್ನು ಮುಟ್ಟಿದೊಡನೆ ರಾಕೆಟ್ಟನ್ನು ನಿಲ್ಲಿಸಿಬಿಡುತ್ತಾರೆ, ಆಗ ಸುತ್ತು ಹುಟ್ಟದೆ ಚೆಂಡು ಬರಿದೆ ತೇಲುತ್ತದೆ. ರಾಕೆಟ್ ಚಿಕ್ಕದಾಗಿಯಾದರೂ ಮುಂದೆ ಸಾಗಲೇಬೇಕು.

ಬ್ಯಾಕ್‌ಹ್ಯಾಂಡ್‌ನಲ್ಲಿ ಸ್ಲೈಸ್, ಅಂದರೆ ಚೆಂಡಿನ ಅಡಿಯನ್ನು ಕೊಯ್ದಂತಹ ಹೊಡೆತ, ಹೊಡೆಯುವ ಅಭ್ಯಾಸವಿರುವವರಿಗೆ ಮರೆಮಾಚುವಿಕೆ ಬಹುತೇಕ ಬಿಟ್ಟಿಯಾಗಿ ಸಿಗುತ್ತದೆ, ಯಾಕೆಂದರೆ ಆಳವಾದ ಸ್ಲೈಸ್‌ಗೂ ಡ್ರಾಪ್ ಶಾಟ್‌ಗೂ ತಯಾರಿ ಒಂದೇ. ಎರಡು ಕೈಯಿಂದ ಹೊಡೆಯುವವರ ಕಷ್ಟ ಬೇರೆ: ಎರಡನೆಯ ಕೈಯನ್ನು ಬಿಟ್ಟ ಕೂಡಲೇ ಎದುರಾಳಿಗೆ ಸುಳಿವು ಸಿಗುತ್ತದೆ. ಇದಕ್ಕಿರುವ ಮದ್ದು ಕೈಚಳಕವಲ್ಲ. ರ‍್ಯಾಲಿಯ ನಡುವೆ ಆಗಾಗ ಒಂದು ಕೈಯ ಆಳವಾದ ಸ್ಲೈಸ್ ಹೊಡೆಯುತ್ತಿದ್ದರೆ, ಕೈ ಬಿಟ್ಟ ಮಾತ್ರಕ್ಕೆ ಎದುರಾಳಿ ಮುಂದೆ ಓಡುವಂತಿಲ್ಲ. ಮರೆಮಾಚುವಿಕೆ ಎಂಬುದು ಎಷ್ಟರಮಟ್ಟಿಗೆ ದೇಹದ ಆಕಾರದ್ದೋ ಅಷ್ಟೇ ನೆನಪಿನದ್ದೂ ಹೌದು. ಇದೇ ತಯಾರಿಯಿಂದ ಹಿಂದಿನ ಹತ್ತು ಚೆಂಡುಗಳು ಎಲ್ಲಿಗೆ ಹೋದವು ಎಂಬುದನ್ನು ಎದುರಾಳಿಯ ಕಾಲುಗಳು ನೆನಪಿಟ್ಟಿರುತ್ತವೆ.

ಗುಟ್ಟು ರಟ್ಟಾಗುವ ದಾರಿಗಳು ಬಹುಪಾಲು ಕೈಯಿಂದ ದೂರದಲ್ಲಿರುತ್ತವೆ. ಬಲವಾದ ಹೊಡೆತಕ್ಕೆ ಕಾಲುಗಳು ನೆಲವನ್ನು ಒತ್ತಿ ಹಿಡಿಯುತ್ತವೆ; ಡ್ರಾಪ್ ಶಾಟ್ ಎಂದು ಮನಸ್ಸು ನಿರ್ಧರಿಸಿದೊಡನೆ ಹೆಜ್ಜೆಗಳು ಸದ್ದಡಗಿ, ಭುಜದ ತಿರುವು ಅರ್ಧಕ್ಕೇ ನಿಲ್ಲುತ್ತದೆ. ಪ್ರತಿ ಹೊಡೆತಕ್ಕೂ ಜೋರಾಗಿ ಉಸಿರು ಬಿಡುವ ಆಟಗಾರನೊಬ್ಬನ ಎದುರು ನಾನು ಕೆಲವು ಕಾಲ ಆಡಿದ್ದೆ. ಅವನು ಉಸಿರು ಬಿಗಿಹಿಡಿದನೆಂದರೆ ಮುಂದಕ್ಕೆ ಓಡಬೇಕು ಎಂಬುದನ್ನು ತಿಳಿಯಲು ನನಗೆ ಎರಡು ಸೆಟ್ ಹಿಡಿಯಿತು, ಅವನಿಗೆ ಅದು ಕೊನೆಗೂ ತಿಳಿಯಲಿಲ್ಲ. ನಮ್ಮ ಗುಟ್ಟು ಬಯಲಾಗುತ್ತಿದೆಯೇ ಎಂದು ಪರೀಕ್ಷಿಸಲು ಒಂದು ನೇರ ವಿಧಾನವಿದೆ. ನಮ್ಮ ಹಿಂಬದಿಯಿಂದ ಆಟವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, ಚೆಂಡು ರಾಕೆಟ್‌ಗೆ ತಾಗುವ ಚಿತ್ರದಲ್ಲಿ ನಿಲ್ಲಿಸಿ, ಎದುರಾಳಿಯ ಕಾಲುಗಳನ್ನು ನೋಡಬೇಕು. ಮುಂದಿನ ಹೆಜ್ಜೆ ಅಷ್ಟರಲ್ಲೇ ಶುರುವಾಗಿದ್ದರೆ, ಚೆಂಡು ಎಷ್ಟೇ ಚೆನ್ನಾಗಿ ಬಿದ್ದಿದ್ದರೂ ಆ ಡ್ರಾಪ್ ಶಾಟ್ ಓದಲ್ಪಟ್ಟಿದೆ.

ಈಗ ಒಂದು ಪಾಯಿಂಟನ್ನು ಪೂರ್ತಿಯಾಗಿ ಆಡಿ ನೋಡೋಣ. ಇಬ್ಬರೂ ಬಲಗೈ ಆಟಗಾರರು. ನಾನು ನನ್ನ ಎಡಭಾಗದಿಂದ ಬ್ಯಾಕ್‌ಹ್ಯಾಂಡ್ ಬದಿಯನ್ನು ಸುತ್ತಿ ಬಂದು, ಫೋರ್‌ಹ್ಯಾಂಡ್‌ನಿಂದ ಎದುರಾಳಿಯ ಬ್ಯಾಕ್‌ಹ್ಯಾಂಡ್ ಮೂಲೆಗೆ ಎತ್ತರವಾಗಿ ಪುಟಿಯುವ ಟಾಪ್‌ಸ್ಪಿನ್ ಚೆಂಡನ್ನು ಕಳಿಸುತ್ತೇನೆ. ಅವನು ಬೇಸ್‌ಲೈನ್‌ನಿಂದ ಮೂರು ಮೀಟರ್ ಹಿಂದೆ, ಅಂಗಳದ ಅಂಚಿನ ಬಳಿ, ಭುಜದ ಎತ್ತರದಲ್ಲಿ ಅದನ್ನು ಕಷ್ಟದಿಂದ ವಾಪಸ್ ಮಾಡುತ್ತಾನೆ. ಚೆಂಡು ಗಿಡ್ಡವಾಗಿ, ನಡುವಿನ ಸನಿಹ ಬೀಳುತ್ತದೆ. ನಾನು ಒಳಗೆ ಹೆಜ್ಜೆಯಿಟ್ಟು ಫೋರ್‌ಹ್ಯಾಂಡ್‌ಗೆ ತಿರುಗುತ್ತೇನೆ. ಅವನ ಕಣ್ಣಿಗೆ ಕಾಣುವ ದೊಡ್ಡ ಅಪಾಯ ತನ್ನ ಫೋರ್‌ಹ್ಯಾಂಡ್ ಕಡೆಯ ಖಾಲಿ ಜಾಗ. ಹಾಗಾಗಿ ಅವನು ಬೇಸ್‌ಲೈನ್‌ನ ಹಿಂದೆಯೇ ನಡುವಿನತ್ತ ಓಡಲು ಶುರುಮಾಡುತ್ತಾನೆ. ನನ್ನ ರಾಕೆಟ್ ಚೆಂಡನ್ನು ಮುಟ್ಟುವ ಹೊತ್ತಿಗೆ ಅವನು ನಡುಗೆರೆಯಿಂದ ಒಂದೂವರೆ ಮೀಟರ್ ಈಚೆಗೆ, ಬೇಸ್‌ಲೈನ್‌ನಿಂದ ಎರಡೂವರೆ ಮೀಟರ್ ಹಿಂದೆ ಇದ್ದು, ಬಲಕ್ಕೆ ವೇಗವಾಗಿ ಚಲಿಸುತ್ತಿದ್ದಾನೆ.

ಡ್ರಾಪ್ ಶಾಟ್ ಹೊಡೆಯಬೇಕೆಂಬುದು ಇಲ್ಲಿ ಸ್ಪಷ್ಟ. ಯಾವ ಬದಿಗೆ ಎಂಬುದೇ ಪ್ರಶ್ನೆ. ಖಾಲಿ ಇರುವ ಫೋರ್‌ಹ್ಯಾಂಡ್ ಬದಿಗೆ ಇಳಿಸಿದರೆ ಅವನು ಹೆಚ್ಚು ದೂರ ಓಡಬೇಕು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮುಂದಕ್ಕೆ ಅವನು ಹೇಗಿದ್ದರೂ ಏಳೂವರೆ ಮೀಟರ್‌ನಷ್ಟು ಓಡಲೇಬೇಕು. ಫೋರ್‌ಹ್ಯಾಂಡ್ ಬದಿಯ ಗುರಿ ಅಡ್ಡಕ್ಕೆ ನಾಲ್ಕು ಮೀಟರ್ ದೂರದಲ್ಲಿದ್ದರೆ ಒಟ್ಟು ಓರೆ ಓಟ ಎಂಟೂವರೆ ಮೀಟರ್ ಆಗುತ್ತದೆ. ಅವನ ಬ್ಯಾಕ್‌ಹ್ಯಾಂಡ್ ಬದಿಯ ಗುರಿ ಅಡ್ಡಕ್ಕೆ ಒಂದೇ ಮೀಟರ್ ದೂರವಿದ್ದರೂ ಓಟ ಏಳೂವರೆಯಷ್ಟು. ವ್ಯತ್ಯಾಸ ಒಂದು ಮೀಟರ್ ಮಾತ್ರ, ಅಂದರೆ ಸೆಕೆಂಡಿನ ಆರನೇ ಒಂದು ಭಾಗದಷ್ಟು. ಆದರೆ ಬಲಕ್ಕೆ ಓಡುತ್ತಿರುವವನು ನಿಂತು ಎಡಮುಂದಕ್ಕೆ ತಿರುಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಅವನು ಓಡುತ್ತಿರುವಾಗ ಅವನು ಬಿಟ್ಟು ಬಂದ ಬದಿಗೇ ಇಳಿಸುವುದು ಸರಿ. ಅವನು ಓಡದೆ ಮೂಲೆಯಲ್ಲೇ ನಿಂತಿದ್ದರೆ ಮಾತ್ರ ದೂರದ ಬದಿ ಲಾಭದಾಯಕ. ಇನ್ನೂ ಒಂದು ಮಾತು: ಅಂಚಿಗೆ ಅಂಟಿಕೊಂಡಂತೆ ಹೊಡೆದರೆ ನೆಟ್‌ನ ಎತ್ತರವಾದ ಭಾಗವನ್ನು ದಾಟಬೇಕಾಗುತ್ತದೆ, ಅಂಚಿನ ಗೆರೆಯಿಂದ ಒಂದೂವರೆ ಮೀಟರ್ ಒಳಗೆ ಇಳಿಸಿದರೆ ಸಾಕು.

ಹೊಡೆದವನ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಚೆಂಡನ್ನು ಇಳಿಸಿ ಬೇಸ್‌ಲೈನ್‌ನಲ್ಲೇ ನಿಂತು ನೋಡುವವನು ಎದುರಾಳಿಯ ಮರು ಡ್ರಾಪ್ ಶಾಟ್‌ಗೆ ಬಲಿಯಾಗುತ್ತಾನೆ. ಚೆಂಡಿನ ಹಿಂದೆಯೇ ಸರ್ವಿಸ್ ಲೈನ್‌ನ ಒಳಗೆ ಬಂದು, ಚೆಂಡು ಬಿದ್ದ ಬದಿಯ ನೇರಕ್ಕೆ ತುಸು ವಾಲಿ ನಿಲ್ಲಬೇಕು. ಆಮೇಲೆ ನೋಡಬೇಕಾದದ್ದು ಎದುರಾಳಿಯ ರಾಕೆಟ್ ತಲೆಯನ್ನು. ಅದು ನೆಟ್‌ಗಿಂತ ಕೆಳಗೆ, ನೆಲದ ಹತ್ತಿರವಿದ್ದರೆ ಅವನು ಚೆಂಡನ್ನು ಮೇಲೆತ್ತಲೇಬೇಕು, ಜೋರಾಗಿ ಹೊಡೆಯಲಾರ. ಆಗ ಇನ್ನೂ ಎರಡು ಹೆಜ್ಜೆ ಮುಂದೆ ಹೋಗಬಹುದು. ಅವನು ಬೇಗ ತಲುಪಿ ರಾಕೆಟ್ ಎತ್ತಿಕೊಂಡಿದ್ದರೆ ಅಲ್ಲೇ ನಿಂತು, ತಲೆಯ ಮೇಲೆ ಬರಬಹುದಾದ ಲಾಬ್‌ಗೂ ಸಿದ್ಧವಿರಬೇಕು.

ಈ ಹೊಡೆತ ಕೆಡುವ ಅತಿ ಸಾಮಾನ್ಯ ಬಗೆಯೆಂದರೆ, ಅದು ಅವಕಾಶದಿಂದ ಹುಟ್ಟದೆ ದಣಿವಿನಿಂದ ಅಥವಾ ಬೇಸರದಿಂದ ಹುಟ್ಟುವುದು. ಉದ್ದದ ರ‍್ಯಾಲಿಯಲ್ಲಿ ಸಾಕಾಗಿಹೋದವನು ಅದರಿಂದ ಪಾರಾಗಲು ಡ್ರಾಪ್ ಶಾಟ್ ಹೊಡೆಯುತ್ತಾನೆ, ಆಗ ಮೇಲೆ ಹೇಳಿದ ಮೂರು ಷರತ್ತುಗಳಲ್ಲಿ ಒಂದೂ ಈಡೇರಿರುವುದಿಲ್ಲ. ದೊಡ್ಡವರಿಗೂ ಇದರಿಂದ ವಿನಾಯಿತಿ ಇಲ್ಲ. 2020ರ ಫ್ರೆಂಚ್ ಓಪನ್ ಫೈನಲ್‌ನ ಆರಂಭದಲ್ಲಿ ನೊವಾಕ್ ಜೊಕೊವಿಚ್ ರಫೆಲ್ ನಡಾಲ್‌ನ ಮೇಲೆ ಮತ್ತೆ ಮತ್ತೆ ಡ್ರಾಪ್ ಶಾಟ್ ಪ್ರಯೋಗಿಸಿದ. ನಡಾಲ್ ಹಿಂದೆ ನಿಂತು ಆಡುವವನಾದ್ದರಿಂದ ಕಾಗದದ ಮೇಲೆ ಇದು ಸರಿಯಾದ ಯೋಚನೆಯೇ. ಆದರೆ ಪದೇ ಪದೇ ಬಂದದ್ದು ಅಚ್ಚರಿಯಾಗಿ ಉಳಿಯಲಿಲ್ಲ. ನಡಾಲ್ ಓಡಿ ಬಂದು ಉತ್ತರ ಕೊಡುತ್ತಲೇ ಹೋದ. ಮೊದಲ ಸೆಟ್ 6-0, ಪಂದ್ಯ 6-0, 6-2, 7-5ರಿಂದ ನಡಾಲ್‌ನದಾಯಿತು. ಎದುರಾಳಿ ಡ್ರಾಪ್ ಶಾಟ್‌ನ ನಿರೀಕ್ಷೆಯಲ್ಲೇ ನಿಂತಾಗ, ಹಿಂದೆ ನಿಂತಿದ್ದರೂ ಅವನ ಭಾರ ಮುಂಗಾಲಿನ ಮೇಲಿರುತ್ತದೆ. ನಮ್ಮ ಅರ್ಧ ಸೆಕೆಂಡು ಅಲ್ಲಿಗೆ ಕರಗಿಹೋಗುತ್ತದೆ. ಆಗ ಮಾಡಬೇಕಾದದ್ದು ಅದೇ ತಯಾರಿಯಿಂದ ಎರಡು ಮೂರು ಚೆಂಡುಗಳನ್ನು ಆಳಕ್ಕೆ ಹೊಡೆದು ಅವನನ್ನು ಮತ್ತೆ ಹಿಮ್ಮಡಿಗೆ ತಳ್ಳುವುದು.

ಅಭ್ಯಾಸದಲ್ಲಿ ಹೊಡೆತದ ಗುಣವನ್ನು ಅಳೆಯಲು ನೆಟ್‌ನ ಮೇಲಿನ ಅಂತರವನ್ನು ನೋಡುವುದಕ್ಕಿಂತ ಎರಡು ಗುರುತುಗಳನ್ನು ನೋಡುವುದು ಮೇಲು. ಒಂದು, ಚೆಂಡಿನ ಅತ್ಯಂತ ಎತ್ತರದ ಬಿಂದು ನೆಟ್‌ನ ಈಚೆಗೆ, ನಮ್ಮ ಬದಿಯಲ್ಲೇ ಇರಬೇಕು. ಅದು ನೆಟ್‌ನ ಮೇಲೆ ಅಥವಾ ಆಚೆಗೆ ಹೋದರೆ ಚೆಂಡು ಆಳಕ್ಕೆ ಬೀಳುತ್ತದೆ. ಎರಡು, ಚೆಂಡಿನ ಎರಡನೆಯ ಪುಟಿತ ಸರ್ವಿಸ್ ಲೈನ್‌ಗೆ ಮೊದಲು ಬೀಳಬೇಕು. ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿರುವ ದಿನ ಈ ಎರಡೂ ಗುರುತುಗಳು ಆಚೆಗೆ ಜಾರುತ್ತವೆ. ಎದುರು ಗಾಳಿಯಿದ್ದಾಗ ಚೆಂಡು ತಾನಾಗಿಯೇ ತಡೆದು ನಿಲ್ಲುತ್ತದೆ. ಗಾಳಿಯಿರುವ ದಿನ ಪಂದ್ಯದ ನಡುವೆ ಬದಿ ಬದಲಾಯಿಸಿದಾಗಲೆಲ್ಲ ಇದನ್ನು ಹೊಸದಾಗಿ ನೆನಪಿಸಿಕೊಳ್ಳಬೇಕಾಗುತ್ತದೆ, ಯಾಕೆಂದರೆ ಒಂದು ಬದಿಯಲ್ಲಿ ಮೂರು ಬಾರಿ ಗೆದ್ದುಕೊಟ್ಟ ಅದೇ ಹೊಡೆತ ಇನ್ನೊಂದು ಬದಿಯಲ್ಲಿ ಒಂದು ಮೀಟರ್ ಹೆಚ್ಚು ಆಳಕ್ಕೆ ಬೀಳುತ್ತದೆ, ಮತ್ತು ಆ ಒಂದು ಮೀಟರ್ ಓಡಿಬರುವವನ ಪಾಲಿಗೆ ಸಾಕಾಗುತ್ತದೆ.